ಬೋರ್ಡೋ ಸ್ಕ್ರಿಪ್ಟನ್ನು ಆಡುಮಾತಿಗೆ ತಂದ ಬಗೆ

ಅಡಿಕೆ ತೋಟದ ಕೆಲಸಗಳ ಬಗ್ಗೆ ಚಿಕ್ಕ ವೀಡಿಯೋಗಳಿಗೆ ನಾನು ಸ್ಕ್ರಿಪ್ಟ್ ಬರೆಯುತ್ತೇನೆ. ನೋಡುವವರು ಹೆಚ್ಚಾಗಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಬೆಳೆಗಾರರು. ಕೊಳೆ ರೋಗಕ್ಕೆ ಬೋರ್ಡೋ ದ್ರಾವಣ ಮಾಡುವ ಎರಡು ನಿಮಿಷದ ಸ್ಕ್ರಿಪ್ಟೊಂದನ್ನು ಇಟ್ಟುಕೊಂಡು, ಪುಸ್ತಕದ ಕನ್ನಡವನ್ನು ಬಾಯಿಗೆ ಒಗ್ಗುವ ಹಾಗೆ ಹೇಗೆ ಮಾಡುತ್ತೇನೆ ಅಂತ ಹೇಳುತ್ತೇನೆ.

ಕೈಗೆ ಬಂದ ಮೂಲದ ಒಂದು ಭಾಗ ಹೀಗಿತ್ತು:

"ಒಂದು ಕಿಲೋಗ್ರಾಂ ತಾಮ್ರದ ಸಲ್ಫೇಟನ್ನು ಐವತ್ತು ಲೀಟರ್ ನೀರಿನಲ್ಲಿ ಕರಗಿಸಬೇಕು. ಮತ್ತೊಂದು ಪಾತ್ರೆಯಲ್ಲಿ ಒಂದು ಕಿಲೋಗ್ರಾಂ ಸುಣ್ಣವನ್ನು ಐವತ್ತು ಲೀಟರ್ ನೀರಿನಲ್ಲಿ ಕಲಸಿ ಸೋಸಿಕೊಳ್ಳಬೇಕು. ತದನಂತರ ತಾಮ್ರದ ಸಲ್ಫೇಟ್ ದ್ರಾವಣವನ್ನು ಸುಣ್ಣದ ದ್ರಾವಣಕ್ಕೆ ನಿಧಾನವಾಗಿ ಸುರಿಯುತ್ತಾ ಕಲಕಬೇಕು."

ಮಾಹಿತಿಯಲ್ಲಿ ತಪ್ಪಿಲ್ಲ, ಆದರೆ ತೋಟದಲ್ಲಿ ನಿಂತು ಹೀಗೆ ಯಾರೂ ಮಾತಾಡುವುದಿಲ್ಲ. ಇದನ್ನು ಸರಿ ಮಾಡಲು ಹೊರಟವರು ಸಾಮಾನ್ಯವಾಗಿ ಎರಡು ಕಡೆ ಜಾರುತ್ತಾರೆ. ಕೆಲವರು ಕ್ರಿಯಾಪದದ ಬಾಲ ಮಾತ್ರ ಕತ್ತರಿಸುತ್ತಾರೆ: "ತದನಂತರ ದ್ರಾವಣವನ್ನ ಸುರೀತಾ ಕಲಕ್ಬೇಕು." 'ತದನಂತರ' ಅಂತ ಶುರುವಾದ ವಾಕ್ಯ 'ಕಲಕ್ಬೇಕು' ಅಂತ ಮುಗಿದರೆ ಅರ್ಧ ಪ್ಯಾಂಟು, ಅರ್ಧ ಪಂಚೆ ಉಟ್ಟ ಹಾಗೆ. ಇನ್ನು ಕೆಲವರು ಇಂಗ್ಲಿಷ್ ಸುರಿಯುತ್ತಾರೆ: "ಒನ್ ಕೆಜಿ ಕಾಪರ್ ಸಲ್ಫೇಟನ್ನು ಫಿಫ್ಟಿ ಲೀಟರ್ಸ್ ವಾಟರ್‌ನಲ್ಲಿ ಡಿಸಾಲ್ವ್ ಮಾಡಬೇಕಾಗುತ್ತದೆ." ಇಲ್ಲಿ ಶಬ್ದ ಬದಲಾಯಿತೇ ಹೊರತು ವಾಕ್ಯದ ಎಲುಬು ಪುಸ್ತಕದ್ದೇ.

ಅದಕ್ಕೇ ನಾನು ಮೂಲವನ್ನು ತಿದ್ದಲು ಕೂರುವುದಿಲ್ಲ. ಒಂದೆರಡು ಸಲ ಓದಿ, ಹಾಳೆ ಮಗುಚಿಟ್ಟು, ಎದುರಿಗೆ ಒಬ್ಬರನ್ನು ಕೂರಿಸಿಕೊಂಡು ವಿಷಯ ಹೇಳುತ್ತೇನೆ. ಫೋನಿನಲ್ಲಿ ರೆಕಾರ್ಡ್ ಆಗುತ್ತಿರುತ್ತದೆ. ಎದುರಿಗೆ ಜನ ಇರುವುದು ಮುಖ್ಯ; ಬರೀ ಫೋನಿಗೆ ಮಾತಾಡಿದರೆ ನಾಲಿಗೆ ತಾನಾಗಿ ಭಾಷಣಕ್ಕೆ ಹೊರಳುತ್ತದೆ. ಆಮೇಲೆ ಆಡಿದ್ದನ್ನು ಆಡಿದ ಹಾಗೇ ಬರೆದುಕೊಂಡು, ತಡವರಿಸಿದ್ದನ್ನೂ ಸುಮ್ಮನೆ ಎರಡೆರಡು ಸಲ ಹೇಳಿದ್ದನ್ನೂ ತೆಗೆದು, ಅಳತೆಗಳನ್ನು ಮೂಲದ ಜೊತೆ ತಾಳೆ ನೋಡುತ್ತೇನೆ. ಕೊನೆಗೆ ನಿಂತದ್ದು ಇದು:

"ಒಂದು ಕೇಜಿ ಮೈಲುತುತ್ತ, ಐವತ್ತು ಲೀಟರ್ ನೀರು. ಪ್ಲಾಸ್ಟಿಕ್ ಡ್ರಮ್ಮಲ್ಲಿ ಪೂರ್ತಿ ಕರಗಿಸ್ಕೊಳ್ಳಿ. ಕಬ್ಬಿಣದ ಡ್ರಮ್ಮು ಬೇಡ. ಇನ್ನೊಂದು ಡ್ರಮ್ಮಲ್ಲಿ ಒಂದು ಕೇಜಿ ಸುಣ್ಣ, ಅದಕ್ಕೂ ಐವತ್ತು ಲೀಟರ್ ನೀರು. ಸುಣ್ಣದ ನೀರನ್ನ ಬಟ್ಟೇಲಿ ಸೋಸಿ, ಇಲ್ಲಾಂದ್ರೆ ನಾಜಲ್ ಕಟ್ಕೊಳ್ತದೆ. ಈಗ ನೋಡಿ, ಮೈಲುತುತ್ತದ ನೀರನ್ನ ತಗೊಂಡು ಸುಣ್ಣದ ನೀರಿಗೆ ಹೊಯ್ಬೇಕು. ಸುಣ್ಣಾನ ಮೈಲುತುತ್ತಕ್ಕೆ ಹೊಯ್ಬೇಡಿ. ನಿಧಾನಕ್ಕೆ ಹೊಯ್ತಾ, ಕೋಲಲ್ಲಿ ಕಲಕ್ತಾ ಇರಿ."

ಮೊದಲು ಹೋದದ್ದು 'ಅನ್ನು' ಪ್ರತ್ಯಯ. ಮಾತಿನಲ್ಲಿ ನಿರ್ಜೀವ ವಸ್ತುವಿಗೆ ಅದು ಬಹಳ ಸಲ ಬೇಕಾಗುವುದೇ ಇಲ್ಲ. 'ಸುಣ್ಣ ತಗೊಳ್ಳಿ' ಅಂದರೆ ಸಾಕು. ಆದರೆ ಯಾವುದನ್ನು ಯಾವುದಕ್ಕೆ ಹೊಯ್ಯಬೇಕು ಅನ್ನುವ ವಾಕ್ಯದಲ್ಲಿ ಅದನ್ನು ಬೇಕಂತಲೇ ಉಳಿಸಿದ್ದೇನೆ. 'ನೀರನ್ನ', 'ನೀರಿಗೆ' ಈ ಎರಡರ ಮೇಲೇ ಇಡೀ ಅರ್ಥ ನಿಂತಿದೆ. ಪಂಪಿನ ಸದ್ದಿನ ನಡುವೆ ಒಂದು 'ಗೆ' ಕಿವಿ ತಪ್ಪಿದರೂ ಕೇಳುವವರು ಉಲ್ಟಾ ಹೊಯ್ದುಬಿಡಬಹುದು. ಹಾಗಾಗಿ ಅದನ್ನೇ 'ಬೇಡಿ' ಹಾಕಿ ಇನ್ನೊಂದು ಸಲ ಹೇಳಿದೆ. ಬರಹದಲ್ಲಿ ಇದು ಪುನರುಕ್ತಿ ಅನ್ನಿಸೀತು, ಮಾತಿನಲ್ಲಿ ಹಾಗಲ್ಲ. ಇದೇ ಕಾರಣಕ್ಕೆ 'ಅದನ್ನ ಇದಕ್ಕೆ' ಅಂತಲೂ ಬರೆಯಲಿಲ್ಲ. ವೀಡಿಯೋ ಹಾಕಿಕೊಂಡು ಕೈಕೆಲಸ ಮಾಡುವವರ ಕಣ್ಣು ಪರದೆಯ ಮೇಲೆ ಇರುವುದಿಲ್ಲ.

'ಮತ್ತು', 'ಹಾಗೂ' ಕೂಡ ಹೋದವು. ಎರಡು ವಸ್ತು ಒಟ್ಟಿಗೆ ಹೇಳಬೇಕಾದರೆ 'ಸುಣ್ಣಾನೂ ಮೈಲುತುತ್ತಾನೂ' ಅನ್ನುತ್ತೇವೆ. 'ಸಿಂಪಡಿಸಲಾಗುತ್ತದೆ' ಅನ್ನುವುದು 'ಔಷಧಿ ಹೊಡೀತಾರೆ' ಆಯಿತು. ನಮ್ಮ ಕಡೆ ಇನ್ನೂ ಸಹಜವಾದದ್ದು 'ಔಷಧಿ ಹೊಡೆಸ್ತಾರೆ', ಯಾಕೆಂದರೆ ಮರ ಹತ್ತುವವರು ಬೇರೆ, ಹೊಡೆಸುವ ತೋಟದವರು ಬೇರೆ. 'ಮುಂಗಾರು ಪ್ರಾರಂಭಕ್ಕೆ ಮುನ್ನ' ಅಂತ ಇದ್ದಲ್ಲಿ 'ಮಳೆಗಾಲ ಹಿಡಿಯೋಕೆ ಮುಂಚೆ' ಅಂತ ಬರೆದೆ.

ಇಂಗ್ಲಿಷ್ ಪದದ ವಿಚಾರದಲ್ಲಿ ನಾನು ಕೇಳಿಕೊಳ್ಳುವುದು ಒಂದೇ: ಅಂಗಡಿಯಲ್ಲಿ ಈ ವಸ್ತುವನ್ನು ಏನಂತ ಕೇಳುತ್ತಾರೆ? ಡ್ರಮ್ಮು, ಪಂಪು, ಪೈಪು, ನಾಜಲ್, ಲೀಟರ್ ಇವೆಲ್ಲ ಹಾಗೇ ಇರಲಿ. 'ಕಾಪರ್ ಸಲ್ಫೇಟ್' ಬೇಡ, ಮೈಲುತುತ್ತ ಅನ್ನುವ ಹೆಸರು ಎಲ್ಲರ ಬಾಯಲ್ಲೂ ಇದೆ. 'ದ್ರಾವಣ'ಕ್ಕೆ 'ಸೊಲ್ಯೂಷನ್' ಹಾಕಿದರೆ ಒಂದು ಪುಸ್ತಕ ಬಿಟ್ಟು ಇನ್ನೊಂದು ಪುಸ್ತಕ ಹಿಡಿದ ಹಾಗಾಯಿತು. ಬಾಯಲ್ಲಿ ಇರುವುದು 'ಸುಣ್ಣದ ನೀರು'.

ಇಟ್ಟುಕೊಂಡ ಇಂಗ್ಲಿಷ್ ಪದ ಕನ್ನಡದ ಬಾಲ ಹಚ್ಚಿಕೊಳ್ಳಬೇಕು. ಮುರುಕು ಕೇಳಿಸುವುದು ಬಹಳ ಸಲ ಇಲ್ಲೇ. ಗಿಡ್ಡ ಸ್ವರದ ಒಂದಕ್ಷರದ ಪದ ಕೊನೆಯ ವ್ಯಂಜನವನ್ನು ಇಮ್ಮಡಿ ಮಾಡಿಕೊಳ್ಳುತ್ತದೆ: ಬಸ್ಸು, ಪೆನ್ನು, ಡ್ರಮ್ಮು, ಹಾಗೇ ಡ್ರಮ್ಮಿಗೆ, ಡ್ರಮ್ಮಲ್ಲಿ. ಉದ್ದ ಸ್ವರ ಇದ್ದರೆ ಇಮ್ಮಡಿ ಇಲ್ಲ: ಪೈಪು, ಪೈಪಿಗೆ, ಪೈಪಿಂದ. 'ಡ್ರಮ್‌ನಲ್ಲಿ', 'ಪೈಪ್‌ನಿಂದ' ಅಂತ ಬರೆದುಕೊಟ್ಟರೆ ಓದುವವರು ಅಲ್ಲಿ ಒಂದು ಗಳಿಗೆ ನಿಂತೇ ಮುಂದೆ ಹೋಗುತ್ತಾರೆ. ಬಹುವಚನಕ್ಕೆ ಇಂಗ್ಲಿಷಿನ 'ಸ್' ಬೇಡ. 'ಎರಡು ಡ್ರಮ್ಸ್' ಅಲ್ಲ, 'ಎರಡು ಡ್ರಮ್ಮು'. 'ಪೈಪ್ಸ್‌ಗಳು' ಅಂದರೆ ಬಹುವಚನ ಎರಡೆರಡು ಸಲ ಆಯಿತು.

ಕ್ರಿಯಾಪದದಲ್ಲಿ ಇನ್ನೂ ಬಿಗಿ. ಸೋಸು, ಕಲಕು, ಕರಗಿಸು ಅಂತ ಒಂದೇ ಪದ ಇರುವಾಗ 'ಫಿಲ್ಟರ್ ಮಾಡಿ', 'ಮಿಕ್ಸ್ ಮಾಡಿ' ಅನ್ನುವುದು ಉದ್ದವೂ ಹೌದು, ಸಪ್ಪೆಯೂ ಹೌದು. 'ಚೆಕ್ ಮಾಡಿ' ಮಾತ್ರ ಹಾಗೇ ಉಳಿಸಿಕೊಂಡಿದ್ದೇನೆ, ಅದು ಎಲ್ಲರ ಮಾತಲ್ಲೂ ಬೆರೆತಿದೆ. ವಾಕ್ಯದ ಶುರುವಿಗೆ 'ಸೋ', 'ಬೇಸಿಕಲಿ' ಬಂದರೆ ಹೊಡೆದು ಹಾಕಿ 'ಈಗ ನೋಡಿ', 'ಅಂದ್ರೆ', 'ಹಂಗಾಗಿ' ಹಾಕುತ್ತೇನೆ.

ಕಾಗುಣಿತದಲ್ಲಿ ಒಂದು ಮಿತಿ ಇಟ್ಟುಕೊಂಡಿದ್ದೇನೆ. 'ಸೋಸ್ಕೊಂಡ್ಬಿಟ್ಮೇಲೆ' ಅಂತ ಬಾಯಿ ಸಲೀಸಾಗಿ ಹೇಳುತ್ತದೆ, ಕಣ್ಣು ಮಾತ್ರ ಒತ್ತಕ್ಷರದಲ್ಲಿ ಸಿಕ್ಕಿಕೊಳ್ಳುತ್ತದೆ. ಅದನ್ನು 'ಸೋಸ್ಕೊಂಡ ಮೇಲೆ' ಅಂತ ಬರೆಯುತ್ತೇನೆ. ಉಳಿದ ಕಡಿತ ಓದುವ ನಾಲಿಗೆಯೇ ಮಾಡುತ್ತದೆ. ಅಂಕಿಗಳನ್ನು ಅಕ್ಷರದಲ್ಲೇ ಬರೆಯುತ್ತೇನೆ, ಇಲ್ಲವಾದರೆ '50' ಕಂಡ ಕೂಡಲೇ ಕೆಲವರ ಬಾಯಲ್ಲಿ 'ಫಿಫ್ಟಿ' ಬರುತ್ತದೆ. 'ಆಗ್ತದೆ', 'ಆಗತ್ತೆ' ಎರಡೂ ನಮ್ಮ ಜಿಲ್ಲೆಯಲ್ಲಿ ಇವೆ. ಓದುವವರ ಮನೆಮಾತಿನಲ್ಲಿ ಯಾವುದಿದೆಯೋ ಅದನ್ನೇ ಹಿಡಿದು ಕೊನೆಯವರೆಗೂ ಹೋಗಬೇಕು. ಒಂದೇ ಸ್ಕ್ರಿಪ್ಟಿನಲ್ಲಿ ಎರಡೂ ಬಂದರೆ ಇಬ್ಬರು ಬರೆದ ಹಾಗೆ ಕೇಳುತ್ತದೆ.

ಶೂಟಿಂಗಿಗೆ ಮುಂಚೆ, ವಿಷಯ ಗೊತ್ತಿಲ್ಲದ ಒಬ್ಬರಿಗೆ ಒಂದೇ ಸಲ ಓದಿ ಹೇಳಿ, 'ಏನೇನು ಮಾಡ್ಬೇಕು, ಹೇಳಿ ನೋಡೋಣ' ಅನ್ನುತ್ತೇನೆ. ಬೋರ್ಡೋ ಸ್ಕ್ರಿಪ್ಟಿನಲ್ಲಿ ಈ ಪರೀಕ್ಷೆಗೆ ಸಿಕ್ಕಿಬಿದ್ದದ್ದು, ದ್ರಾವಣ ಸರಿಯಾಗಿದೆಯಾ ಅಂತ ಚಾಕು ಅದ್ದಿ ನೋಡುವ ವಾಕ್ಯ. "ಚಾಕುವಿನ ಮೇಲೆ ಕೆಂಪು ಬಣ್ಣ ಬರದೇ ಇದ್ರೆ ಸರಿ ಇದೆ ಅಂತ" ಅಂತ ಬರೆದಿದ್ದೆ. ಕೇಳಿದವರಿಗೆ ನೆನಪಲ್ಲಿ ಉಳಿದದ್ದು 'ಕೆಂಪು ಬಂದ್ರೆ ಸರಿ'. ನಿಷೇಧ ವಾಕ್ಯದ ನಡುವೆ ಹುದುಗಿತ್ತು. ಅದನ್ನು ಒಡೆದು ಹೀಗೆ ಮಾಡಿದೆ: "ತೊಳೆದ ಚಾಕು ಒಂದು ನಿಮಿಷ ಅದ್ದಿ ಚೆಕ್ ಮಾಡಿ. ಕೆಂಪು ಹಿಡೀತಾ? ಹಂಗಾದ್ರೆ ಸುಣ್ಣ ಸಾಲ್ದು, ಇನ್ನೂ ಸ್ವಲ್ಪ ಸುಣ್ಣದ ನೀರು ಹಾಕಿ. ಕೆಂಪು ಹಿಡೀಲಿಲ್ವಾ? ಈಗ ಹೊಡೆಸ್ಬಹುದು."