ತಕ್ಕಡಿ ಬೇಡ, ಟೇಪು ಸಾಕು: ಮೈಕೊಬ್ಬಿನ ಲೆಕ್ಕ ಹೀಗೆ

ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಬಿಎಂಐ ಲೆಕ್ಕಕ್ಕೆ, ಆ ತೂಕದಲ್ಲಿ ಸ್ನಾಯು ಎಷ್ಟು, ಕೊಬ್ಬು ಎಷ್ಟು ಎಂಬುದು ತಿಳಿಯುವುದಿಲ್ಲ. ಈ ಕೊರತೆಯನ್ನು ತುಂಬಲೆಂದು ಅಮೆರಿಕದ ಸಂಶೋಧಕರಾದ ವೂಲ್‌ಕಾಟ್ ಮತ್ತು ಬರ್ಗ್‌ಮನ್ 2018ರಲ್ಲಿ ಆರ್‌ಎಫ್‌ಎಂ, ಅಂದರೆ ಸಾಪೇಕ್ಷ ಕೊಬ್ಬಿನ ಪ್ರಮಾಣ ಎಂಬ ಸೂತ್ರವನ್ನು ಪ್ರಕಟಿಸಿದರು. ಇದಕ್ಕೆ ತೂಕವೇ ಬೇಕಿಲ್ಲ, ಎತ್ತರ ಮತ್ತು ಸೊಂಟದ ಸುತ್ತಳತೆ ಸಾಕು.

ಮೊದಲು ಸುತ್ತಳತೆ. ಪ್ಯಾಂಟಿನ ಅಳತೆಯನ್ನು ಬರೆದುಕೊಂಡರೆ ಲೆಕ್ಕ ಅಲ್ಲಿಯೇ ಕೆಡುತ್ತದೆ, ಏಕೆಂದರೆ ಬಹಳ ಮಂದಿ ಪ್ಯಾಂಟನ್ನು ಹೊಟ್ಟೆಯ ಕೆಳಗೆ ಕಟ್ಟುತ್ತಾರೆ. ನೆಟ್ಟಗೆ ನಿಂತು, ಪಕ್ಕೆಯಲ್ಲಿ ಕೈಗೆ ಸಿಗುವ ಸೊಂಟದ ಮೂಳೆಯ ಮೇಲಂಚನ್ನು ಗುರುತಿಸಿ, ಅದರ ತುಸು ಮೇಲೆ ಟೇಪನ್ನು ಬರಿಮೈಗೆ ತಾಗುವಂತೆ, ಆದರೆ ಚರ್ಮವನ್ನು ಒತ್ತದಂತೆ, ಬೆನ್ನ ಹಿಂದೆಯೂ ನೆಲಕ್ಕೆ ಸಮಾನಾಂತರವಾಗಿ ಸುತ್ತಬೇಕು. ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಅಳತೆ ಓದಬೇಕು. ಹೊಟ್ಟೆಯನ್ನು ಒಳಗೆ ಎಳೆದುಕೊಳ್ಳಬಾರದು. ಎರಡು ಸಲ ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು.

ಅನಂತರ ಲೆಕ್ಕ. ಎತ್ತರ, ಸುತ್ತಳತೆ ಎರಡೂ ಒಂದೇ ಮಾನದಲ್ಲಿರಲಿ.

```
ಪುರುಷರಿಗೆ: 64 − 20 × (ಎತ್ತರ ÷ ಸುತ್ತಳತೆ)
ಮಹಿಳೆಯರಿಗೆ: 76 − 20 × (ಎತ್ತರ ÷ ಸುತ್ತಳತೆ)
```

170 ಸೆಂ.ಮೀ. ಎತ್ತರ, 78 ಕೆ.ಜಿ. ತೂಕದ ಇಬ್ಬರು ಪುರುಷರನ್ನು ಊಹಿಸಿಕೊಳ್ಳಿ. ಇಬ್ಬರ ಬಿಎಂಐ ಕೂಡ 27. ಮೊದಲನೆಯವರ ಸುತ್ತಳತೆ 84 ಸೆಂ.ಮೀ. ಇದ್ದರೆ 170 ÷ 84 = 2.02, ಅದರ 20 ಪಟ್ಟನ್ನು 64ರಿಂದ ಕಳೆದರೆ ಕೊಬ್ಬು ಸುಮಾರು ಶೇ 23.5. ಎರಡನೆಯವರ ಸುತ್ತಳತೆ 98 ಸೆಂ.ಮೀ. ಇದ್ದರೆ ಅದು ಸುಮಾರು ಶೇ 29.3. ಬಿಎಂಐ ಮುಚ್ಚಿಟ್ಟ ವ್ಯತ್ಯಾಸ ಇಲ್ಲಿ ಕಾಣಿಸಿತು. ಉತ್ತರ 50ನ್ನು ದಾಟಿದರೆ ಸುತ್ತಳತೆಯನ್ನು ಎತ್ತರದಿಂದ ಭಾಗಿಸಿರಬಹುದು. ಭಾಗಾಕಾರ ತಿರುವುಮುರುವಾದಾಗ ಹೀಗಾಗುತ್ತದೆ.

ಸಂಶೋಧಕರು ಈ ಸೂತ್ರವನ್ನು ಡೆಕ್ಸಾ ಎಂಬ ಎಕ್ಸ್-ರೇ ಸ್ಕ್ಯಾನ್ ತೋರಿಸಿದ ಕೊಬ್ಬಿನೊಂದಿಗೆ ಹೋಲಿಸಿ ನೋಡಿದಾಗ, ಪುರುಷರಲ್ಲೂ ಮಹಿಳೆಯರಲ್ಲೂ ಇದು ಬಿಎಂಐಗಿಂತ ಹತ್ತಿರದ ಅಂದಾಜು ಕೊಟ್ಟಿತು. ಕೊಬ್ಬು ಹೆಚ್ಚಿದ್ದೂ ಲೆಕ್ಕದಿಂದ ತಪ್ಪಿಸಿಕೊಳ್ಳುವವರ ಸಂಖ್ಯೆಯೂ ಕಡಿಮೆಯಾಯಿತು. ಆದರೂ ಇದು ಅಂದಾಜೇ. ಮೇಲಿನ ಮೊದಲ ಉದಾಹರಣೆಯಲ್ಲಿ ಟೇಪು 3 ಸೆಂ.ಮೀ. ಹೆಚ್ಚು ತೋರಿಸಿದರೆ ಉತ್ತರ 1.4ರಷ್ಟು ಏರುತ್ತದೆ, ಹಾಗಾಗಿ ತಿಂಗಳಿಗೊಮ್ಮೆ ಕಾಣುವ ಸಣ್ಣ ಏರಿಳಿತವನ್ನು ನಂಬುವ ಮೊದಲು ಅಳತೆಯ ಜಾಗವನ್ನು ಪರೀಕ್ಷಿಸಬೇಕು. ಗರ್ಭಿಣಿಯರಿಗೆ ಮತ್ತು ಹೊಟ್ಟೆಯಲ್ಲಿ ನೀರು ತುಂಬಿದವರಿಗೆ ಇದು ಹೊಂದದು, ಅಲ್ಲಿ ಸುತ್ತಳತೆ ಹೆಚ್ಚಿರುವುದು ಕೊಬ್ಬಿನಿಂದಲ್ಲ. ವಯಸ್ಕರಿಗಾಗಿ ರೂಪಿಸಿದ ಈ ಸೂತ್ರವನ್ನು ಮಕ್ಕಳಿಗೂ ಬಳಸುವಂತಿಲ್ಲ.