ಇಂದಿನ ಮೊಟ್ಟೆ, ಇಂದೇ ಸುಲಿಯಬೇಕೆ? ಇಡ್ಲಿ ಪಾತ್ರೆ ಇಡಿ

ನೆಂಟರು ಬಂದರೆಂದು ಬೆಳಿಗ್ಗೆ ಇಟ್ಟ ನಾಟಿ ಮೊಟ್ಟೆಯನ್ನೇ ಬೇಯಿಸಿ ಸಾರು ಮಾಡಲು ಹೊರಟವರ ಪಾಡು ನಾನು ಬಹಳ ಸಲ ನೋಡಿದ್ದೇನೆ. ಸಿಪ್ಪೆಯ ಜೊತೆಗೆ ಬಿಳಿಯೂ ಚೂರುಚೂರಾಗಿ ಕಿತ್ತು ಬಂದು, ಕೊನೆಗೆ ಹಳದಿ ಇಣುಕುತ್ತಿರುತ್ತದೆ. ತಪ್ಪು ಕೈಯದಲ್ಲ.

ಆಗಷ್ಟೇ ಇಟ್ಟ ಮೊಟ್ಟೆಯ ಬಿಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಕರಗಿರುತ್ತದೆ. ಹಾಗಾಗಿ ಅದರ ಕ್ಷಾರಗುಣ ಕಡಿಮೆ, ಪಿಎಚ್ ಎಂಟಕ್ಕೂ ಕೆಳಗೆ. ಅಂಥ ಬಿಳಿ ಬೇಯುವಾಗ ಸಿಪ್ಪೆಯೊಳಗಿನ ಪೊರೆಗೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ದಿನ ಕಳೆದಂತೆ ಆ ಅನಿಲ ಸಿಪ್ಪೆಯ ಸೂಕ್ಷ್ಮ ರಂಧ್ರಗಳಿಂದ ಹೊರಹೋಗಿ ಪಿಎಚ್ ಒಂಬತ್ತು ದಾಟುತ್ತದೆ, ಅಂಟು ಸಡಿಲವಾಗುತ್ತದೆ. ಮೊಟ್ಟೆ ಎಷ್ಟು ಹೊಸದೆಂದು ತಿಳಿಯಲು ನೀರಿನಲ್ಲಿ ಬಿಡಿ. ತಳದಲ್ಲಿ ಅಡ್ಡ ಮಲಗಿದರೆ ತೀರಾ ಹೊಸದು. ದಪ್ಪ ತುದಿ ಮೇಲೆದ್ದರೆ ಕೆಲವು ದಿನ ಕಳೆದಿದೆ. ಕಾಯಲು ಸಮಯವಿದ್ದರೆ ಫ್ರಿಜ್ಜಿನಲ್ಲಿ ಒಂದು ವಾರ ಇಡಿ.

ಇಂದೇ ಬೇಕೆಂದರೆ ಎಲ್ಲವೂ ಬಿಸಿಯ ಮೊದಲ ಕ್ಷಣದಲ್ಲಿದೆ. ತಣ್ಣೀರಿಗೆ ಮೊಟ್ಟೆ ಹಾಕಿ ಒಲೆ ಹಚ್ಚುವುದೇ ನಮ್ಮ ರೂಢಿ, ಅದೇ ಕೆಡಿಸುವುದು. ನಿಧಾನ ಬಿಸಿಯಲ್ಲಿ ಬಿಳಿ ಪೊರೆಗೆ ಕಚ್ಚಿಕೊಂಡೇ ಗಟ್ಟಿಯಾಗುತ್ತದೆ. ಒಮ್ಮೆಲೇ ಬಿಸಿ ತಗುಲಿದರೆ ಹೊರಪದರ ಬೇಗ ಹೆಪ್ಪುಗಟ್ಟಿ ಪೊರೆಯಿಂದ ಸರಿಯುತ್ತದೆ.

ಇಡ್ಲಿ ಪಾತ್ರೆಗೆ ಎರಡು ಬೆರಳು ನೀರು ಹಾಕಿ, ಮುಚ್ಚಳದ ಸುತ್ತ ಹಬೆ ನುಗ್ಗುವವರೆಗೆ ಕಾಯಿಸಿ. ಮೊಟ್ಟೆ ಫ್ರಿಜ್ಜಿನದಾದರೆ ಅರ್ಧ ಗಂಟೆ ಮೊದಲೇ ಹೊರಗಿಡಿ, ಇಲ್ಲವಾದರೆ ಬಿರಿಯುತ್ತದೆ. ಮುಚ್ಚಳ ತೆಗೆದು, ಒಂದೇ ತಟ್ಟೆಯಲ್ಲಿ ಗುಳಿಗೊಂದರಂತೆ ಮೊಟ್ಟೆ ಕೂರಿಸಿ; ಮೇಲೆ ಇನ್ನೊಂದು ತಟ್ಟೆ ಇಟ್ಟರೆ ತಗುಲಿ ಒಡೆಯುತ್ತದೆ. ಕೂಡಲೇ ಮುಚ್ಚಿ. ಚಿಕ್ಕ ನಾಟಿ ಮೊಟ್ಟೆಗೆ ಸುಮಾರು 11 ನಿಮಿಷ, ಫಾರಂ ಮೊಟ್ಟೆಗೆ 13. ಹಬೆ ಬೇಡವೆಂದರೆ ಕುದಿಯುವ ನೀರಿಗೆ ಸೌಟಿನಿಂದ ಮೆಲ್ಲಗೆ ಇಳಿಸಿ, ಅಷ್ಟೇ ಹೊತ್ತು ಬೇಯಿಸಿ.

ತೆಗೆದ ತಕ್ಷಣ ಐಸ್ ಹಾಕಿದ ನೀರಿನಲ್ಲಿ ಹತ್ತು ನಿಮಿಷ ಬಿಡಿ.

ನೀರಿಗೆ ಉಪ್ಪು, ವಿನೆಗರ್ ಹಾಕುವವರಿದ್ದಾರೆ. ಅದರಿಂದ ಸಿಪ್ಪೆ ಸಡಿಲವಾಗುವುದನ್ನು ನಾನು ಕಂಡಿಲ್ಲ. ಅಡುಗೆ ಸೋಡಾ ಸ್ವಲ್ಪ ನೆರವಾಗಬಹುದು, ಆದರೆ ಬಿಸಿ ಆರಂಭ ಸರಿಯಿದ್ದರೆ ಅದೂ ಬೇಡ. ಅಲುಗಾಡಿಸಿ ಸುಲಿಯುವ ಪ್ಲಾಸ್ಟಿಕ್ ಡಬ್ಬಿಗಳನ್ನು ಕೊಳ್ಳಲೇಬೇಡಿ, ಮೆತ್ತನೆಯ ಮೊಟ್ಟೆ ಅದರಲ್ಲಿ ಹರಿದುಹೋಗುತ್ತದೆ.

ಇನ್ನು ಸುಲಿಯುವುದು. ಮೊಟ್ಟೆಯನ್ನು ಕಟ್ಟೆಯ ಮೇಲೆ ಅಂಗೈಯಿಂದ ಹಗುರವಾಗಿ ಉರುಳಿಸಿ, ಸಿಪ್ಪೆ ತುಂಬ ಸಣ್ಣ ಬಿರುಕು ಬರಲಿ. ದಪ್ಪ ತುದಿಯಲ್ಲಿ ಗಾಳಿಯ ಗೂಡಿರುತ್ತದೆ, ಅಲ್ಲಿಂದ ತೊಡಗಿ. ಈರುಳ್ಳಿಯ ಒಳಪೊರೆಯಂಥ ತೆಳು ಪೊರೆ ಬೆರಳಿಗೆ ಸಿಗಬೇಕು. ಹೆಬ್ಬೆರಳು ಅದರ ಅಡಿಗೆ ಹೊಕ್ಕರೆ ಸಿಪ್ಪೆ ಪಟ್ಟಿಯಾಗಿ ಬರುತ್ತದೆ. ಪೊರೆ ಬಿಟ್ಟು ಬರೀ ಸಿಪ್ಪೆ ಕಿತ್ತರೆ ಬಿಳಿ ಹರಿಯುವುದು ಖಚಿತ. ಎಲ್ಲಾದರೂ ಅಂಟಿಕೊಂಡರೆ ಎಳೆಯಬೇಡಿ. ಮೊಟ್ಟೆಯನ್ನು ನೀರಿನಲ್ಲಿ ಮುಳುಗಿಸಿ, ಪೊರೆಯ ಅಡಿಗೆ ನೀರು ನುಗ್ಗಿದ ಮೇಲೆ ಎದುರು ಬದಿಯಿಂದ ಸುಲಿಯಿರಿ.