36 ಮೀಟರ್ ಶೀಟ್, ಒಂದೇ ಹಿಡಿತ: ಸ್ಟ್ಯಾಂಡಿಂಗ್ ಸೀಮ್ ರೂಫ್ ಸೋರಿದಾಗ ನಾನು ಕಂಡುಕೊಂಡದ್ದು

ದಾಬಸ್‌ಪೇಟೆ ಹತ್ತಿರ ಒಂದು ಗೋದಾಮು. ಅಗಲ 72 ಮೀಟರ್, ಮಧ್ಯದಲ್ಲಿ ರಿಡ್ಜ್, ಎರಡೂ ಕಡೆ 36 ಮೀಟರ್ ಇಳಿಜಾರು. 2017ರಲ್ಲಿ ಅದರ ರೂಫ್ ಹಾಕಿದ್ದು ನಮ್ಮ ತಂಡವೇ. ರೋಲ್ ಫಾರ್ಮಿಂಗ್ ಮಷೀನನ್ನು ಸೈಟಿಗೇ ತಂದು, ಕಾಯಿಲ್‌ನಿಂದ ಒಂದೊಂದು ಶೀಟನ್ನೂ ಪೂರಾ 36 ಮೀಟರ್ ಉದ್ದಕ್ಕೆ, ಮಧ್ಯೆ ಎಲ್ಲೂ ಜೋಡಣೆ ಇಲ್ಲದ ಹಾಗೆ ಎಳೆದು ಮೇಲೆ ಹತ್ತಿಸಿದ್ದೆವು. ಎರಡು ಮಳೆಗಾಲ ಒಂದು ಹನಿ ಬೀಳಲಿಲ್ಲ. 2019ರ ಆಗಸ್ಟ್‌ನಲ್ಲಿ ಅಲ್ಲಿನ ಮೇಂಟೆನೆನ್ಸ್ ಸೂಪರ್‌ವೈಸರ್ ಫೋನ್ ಮಾಡಿದರು. "ಸಾರ್, ರಿಡ್ಜ್ ಹತ್ತಿರ ಸೋರ್ತಾ ಇದೆ, ಎರಡು ಸಲ ಸಿಲಿಕಾನ್ ಹಾಕಿಸಿದ್ವಿ, ನಿಲ್ತಾನೇ ಇಲ್ಲ."

ಆ ಸೋರಿಕೆಯಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಈ ಥರ ರೂಫ್ ಇರುವ ಕಟ್ಟಡಗಳು ಈಗ ಎಲ್ಲಾ ಕಡೆ ಇವೆ, ಎಲ್ಲದರ ಮೇಲೂ ಯಾರೋ ಒಬ್ಬರು ಡ್ರಿಲ್ ಹಿಡಿದು ಹತ್ತುತ್ತಾರೆ.

ಮೊದಲು ಈ ರೂಫ್ ಹೇಗೆ ನಿಲ್ಲುತ್ತದೆ ಅಂತ ಹೇಳಿಬಿಡುತ್ತೇನೆ. ಮಾಮೂಲಿ ಶೀಟ್ ರೂಫಿನಲ್ಲಿ ಶೀಟಿನ ಮೇಲಿಂದ ತೂತು ಹಾಕಿ ಸ್ಕ್ರೂವನ್ನು ಪರ್ಲಿನ್‌ಗೆ, ಅಂದರೆ ಶೀಟನ್ನು ಹೊತ್ತಿರುವ ಕೆಳಗಿನ ಅಡ್ಡ ಉಕ್ಕಿಗೆ, ಬಿಗಿಯುತ್ತಾರೆ. ಸ್ಟ್ಯಾಂಡಿಂಗ್ ಸೀಮ್‌ನಲ್ಲಿ ಹಾಗಲ್ಲ. ಶೀಟಿನ ಎರಡು ಅಂಚುಗಳೂ ಮೇಲಕ್ಕೆ ಎದ್ದಿರುತ್ತವೆ. ಪಕ್ಕಪಕ್ಕದ ಎರಡು ಅಂಚುಗಳ ನಡುವೆ ಒಂದು ಕ್ಲಿಪ್ ಬರುತ್ತದೆ. ಕ್ಲಿಪ್ಪಿನ ಬುಡ ಸ್ಕ್ರೂ ಮೂಲಕ ಪರ್ಲಿನ್ ಮೇಲೆ ಕೂರುತ್ತದೆ, ಅದರ ಮೇಲಿನ ತಗಡಿನ ನಾಲಿಗೆ ಅಂಚುಗಳ ಜೊತೆ ಸೇರಿಕೊಳ್ಳುತ್ತದೆ. ಆಮೇಲೆ ಸೀಮರ್ ಮಷೀನ್ ಓಡಿಸಿದರೆ ಮೂರೂ ಒಟ್ಟಿಗೆ ಮಡಚಿಕೊಳ್ಳುತ್ತವೆ, ಎದ್ದು ನಿಂತ ಆ ಮಡಿಕೆಯೇ ಸೀಮ್. ಹೊರಗಿಂದ ನೋಡಿದರೆ ಕ್ಲಿಪ್ ಕಾಣುವುದೇ ಇಲ್ಲ. ಶೀಟಿನ ಮೈಮೇಲೆ ಒಂದು ತೂತೂ ಇಲ್ಲ.

ಮುಖ್ಯ ವಿಷಯ ಆ ನಾಲಿಗೆಯಲ್ಲಿದೆ. ಅದು ಬುಡಕ್ಕೆ ಅಂಟಿಕೊಂಡಿಲ್ಲ, ಬುಡದೊಳಗೆ ಹಿಂದೆ ಮುಂದೆ ಜಾರುತ್ತದೆ. ನಾವು ತಂದಿದ್ದ ಕ್ಲಿಪ್ಪಿನಲ್ಲಿ ಮಧ್ಯದಿಂದ ಆ ಕಡೆ 25 ಮಿ.ಮೀ., ಈ ಕಡೆ 25 ಮಿ.ಮೀ. ಜಾಗ ಇತ್ತು. ಶೀಟನ್ನು ಗಟ್ಟಿಯಾಗಿ ಹಿಡಿದಿರುವುದು ಒಂದೇ ಕಡೆ, ನಮ್ಮ ಕಟ್ಟಡದಲ್ಲಿ ಗಟರ್ ಬದಿ. ಅಲ್ಲಿಂದ ಮೇಲಕ್ಕೆ ರಿಡ್ಜ್‌ವರೆಗೂ ಶೀಟ್ ಜಾರುವ ಕ್ಲಿಪ್‌ಗಳ ಮೇಲೆ ಸುಮ್ನೆ ಮಲಗಿರುತ್ತದೆ. ಗಾಳಿ ಅದನ್ನು ಮೇಲಕ್ಕೆ ಎಬ್ಬಿಸಲಾರದು, ಆದರೆ ಉದ್ದುದ್ದಕ್ಕೆ ಅದು ಓಡಾಡಬಹುದು.

ಓಡಾಡಲೇಬೇಕು ಕೂಡ. ಒಂದು ಮೀಟರ್ ಉಕ್ಕು ಒಂದು ಡಿಗ್ರಿ ಬಿಸಿಯಾದರೆ ಸುಮಾರು 0.012 ಮಿ.ಮೀ. ಹಿಗ್ಗುತ್ತದೆ. ಕೇಳೋಕೆ ಏನೂ ಅಲ್ಲ ಅನ್ನಿಸುತ್ತೆ. 36 ಮೀಟರಿಗೆ ಲೆಕ್ಕ ಹಾಕಿ: ಡಿಗ್ರಿಗೆ 0.43 ಮಿ.ಮೀ. ಚಳಿಗಾಲದ ಬೆಳಗಿನ ಜಾವ 14 ಡಿಗ್ರಿ ಇದ್ದ ಶೀಟು ಏಪ್ರಿಲ್ ಮಧ್ಯಾಹ್ನ 65 ಮುಟ್ಟಿದರೆ ವ್ಯತ್ಯಾಸ 51 ಡಿಗ್ರಿ, ಅಂದರೆ ಶೀಟಿನ ಉದ್ದ 22 ಮಿ.ಮೀ. ಬದಲಾಯಿತು. ನಾವು ಶೀಟ್ ಹಾಸಿದ ದಿನ ಅದು 25 ಡಿಗ್ರಿ ಇತ್ತು ಅಂತಿಟ್ಟುಕೊಂಡರೆ, ಅಲ್ಲಿಂದ ಮೇಲಕ್ಕೆ 17, ಕೆಳಕ್ಕೆ 5. 25 ಮಿ.ಮೀ. ಜಾಗದೊಳಗೆ ಆರಾಮಾಗಿ ಹಿಡಿಯುತ್ತದೆ, ಆದರೆ ನಾಲಿಗೆ ಮಧ್ಯದಲ್ಲಿ ಇದ್ದರೆ ಮಾತ್ರ. ಶೀಟ್ ಕೂರಿಸುವಾಗ ಹುಡುಗರು ಎಳೆದಾಡುತ್ತಾರೆ, ನಾಲಿಗೆಯೂ ಜೊತೆಗೆ ಹೋಗಿ ಮೇಲಿನ ತುದಿಗೆ ತಾಗಿ ನಿಂತುಬಿಡುತ್ತದೆ. ಹಾಗೆಯೇ ಸೀಮ್ ಮಾಡಿದರೆ ಶೀಟಿಗೆ ಮೇಲೆ ಹೋಗಲು ಜಾಗವೇ ಇಲ್ಲ. ಅದಕ್ಕೇ ಸೀಮರ್ ಓಡಿಸುವ ಮುಂಚೆ ಒಬ್ಬನನ್ನು ಪ್ರತಿ ಕ್ಲಿಪ್ ನೋಡಿಕೊಂಡು ಬರಲು ಕಳಿಸುತ್ತೇನೆ. ಒಂದು ಶೀಟಿಗೆ ಇಪ್ಪತ್ತೈದು ಕ್ಲಿಪ್, ಹೊತ್ತು ಹಿಡಿಯುತ್ತೆ, ಆದರೂ ಬಿಡುವುದಿಲ್ಲ.

ಸರಿ, ಸೋರಿಕೆಗೆ ಬರೋಣ. ಹೋದ ದಿನ ಮಳೆ ಇರಲಿಲ್ಲ. ಒಳಗಿಂದ ನೋಡಿದರೆ ಗ್ಲಾಸ್‌ವುಲ್ ಕೆಳಗಿನ ಬಿಳಿ ಹಾಳೆ ಒಂದು ಕಡೆ ನೀರು ತುಂಬಿ ಹೊಟ್ಟೆ ಬಂದಂತೆ ಜೋತುಬಿದ್ದಿತ್ತು. ಇದು ಜನರನ್ನು ದಾರಿ ತಪ್ಪಿಸುತ್ತದೆ. ನೀರು ಒಳಗೆ ಬಂದ ಜಾಗ ಒಂದು, ಹಾಳೆಯ ಮೇಲೆ ಹರಿದು ಹನಿ ಬೀಳುವ ಜಾಗ ಇನ್ನೊಂದು. ಹಾಗಾಗಿ ಅವರು ಹನಿ ಬೀಳುವ ಜಾಗದ ನೇರಕ್ಕೆ ಇದ್ದ ಸೀಮ್‌ಗಳಿಗೆಲ್ಲ ಸಿಲಿಕಾನ್ ಬಳಿದಿದ್ದರು. ಅದೂ ಹಾಕುವಾಗ ವಿನೆಗರ್ ವಾಸನೆ ಬರುವ ಬಗೆಯದು. ಅದರಿಂದ ಹೊರಡುವ ಆಮ್ಲ ಶೀಟಿನ ಲೇಪನಕ್ಕೇ ಕೆಟ್ಟದ್ದು, ನ್ಯೂಟ್ರಲ್ ಸಿಲಿಕಾನ್ ಬಿಟ್ಟು ಬೇರೆ ಮುಟ್ಟಬಾರದು.

ಮೇಲೆ ಹತ್ತಿ ಇಳಿಜಾರಿನಲ್ಲಿ ಹತ್ತು ಮೀಟರ್ ಮುಂದೆ ಹೋದ ಮೇಲೆ ಕಾರಣ ಸಿಕ್ಕಿತು. ರಿಡ್ಜ್‌ಗೆ ನಾಲ್ಕು ಮೀಟರ್ ಕೆಳಗೆ, ಉದ್ದಕ್ಕೂ ಹೊಸದಾಗಿ ಒಂದು ಪೈಪ್‌ಲೈನ್ ಬಂದಿತ್ತು. ನಾವು ಕೆಲಸ ಮುಗಿಸಿ ಹೋದ ವರ್ಷದ ಮೇಲೆ ಬೇರೆ ಯಾರೋ ಹಾಕಿದ್ದು. ಪೈಪಿನ ಪ್ರತಿ ಸಪೋರ್ಟಿನ ಪಾದವನ್ನೂ ಶೀಟಿನ ಮೂಲಕ ಕೆಳಗಿನ ಪರ್ಲಿನ್‌ಗೆ ಎರಡೆರಡು ಸ್ಕ್ರೂ ಹಾಕಿ ಬಿಗಿದಿದ್ದರು. ವಾಷರ್ ಇತ್ತು, ಮೇಲೆ ಸೀಲಂಟೂ ಇತ್ತು. ಅವರ ಲೆಕ್ಕದಲ್ಲಿ ಕೆಲಸ ಗಟ್ಟಿ.

ಒಂದು ಪಾದ ಬಿಚ್ಚಿ ನೋಡಿದೆ. 5.5 ಮಿ.ಮೀ. ಸ್ಕ್ರೂ ಹೋಗಿದ್ದ ಗುಂಡಗಿನ ತೂತು ಇಳಿಜಾರಿನ ದಿಕ್ಕಿಗೆ ಉದ್ದವಾಗಿ, ಸುಮಾರು 15 ಮಿ.ಮೀ. ಸೀಳಾಗಿತ್ತು. ಅಂಚು ಉಜ್ಜಿ ಉಜ್ಜಿ ಥಳಥಳ ಹೊಳೆಯುತ್ತಿತ್ತು. ರಬ್ಬರ್ ವಾಷರ್ ಒಂದು ಬದಿಗೆ ಸರಿದು ಹರಿದಿತ್ತು, ಸ್ಕ್ರೂ ಸ್ವಲ್ಪ ವಾಲಿತ್ತು. ಗಟರ್ ಬದಿಯಲ್ಲಿ ಹಿಡಿದಿರುವ ಶೀಟನ್ನು 32 ಮೀಟರ್ ಆಚೆ ಎರಡನೇ ಸಲ ಹಿಡಿದಿದ್ದರು. ಶೀಟು ದಿನಾ ಬೆಳಗ್ಗೆ ಮೇಲಕ್ಕೆ ಹೋಗಬೇಕು, ಸಂಜೆ ವಾಪಸ್ ಬರಬೇಕು. ಪರ್ಲಿನ್ ಅಷ್ಟು ಅಲುಗುವುದಿಲ್ಲ. ಮಧ್ಯೆ ಸಿಕ್ಕ ಸ್ಕ್ರೂ ಶೀಟನ್ನು ಕೊರೆಯಿತು.

ಸೂಪರ್‌ವೈಸರ್ ನಂಬಲಿಲ್ಲ. "ಕಬ್ಬಿಣ ಅಷ್ಟೊಂದು ಓಡಾಡುತ್ತಾ ಸಾರ್?" ಅಂದರು. ಅವರಿಗೆ ತೋರಿಸಬೇಕು ಅಂತ ಮುಂದಿನ ಮಾರ್ಚ್‌ನಲ್ಲಿ, ಪೈಪ್ ಸಪೋರ್ಟ್‌ಗಳನ್ನೆಲ್ಲ ಬಿಚ್ಚಿದ ಮೇಲೆ, ಅಳತೆ ಮಾಡಿದೆ. ರಿಡ್ಜ್ ಕ್ಯಾಪಿನ ಒಂದು ತುಂಡು ತೆಗೆದು, ಬೆಳಗ್ಗೆ ಆರೂವರೆಗೆ ಶೀಟಿನ ತುದಿ ಎಲ್ಲಿದೆಯೋ ಅಲ್ಲಿ ಪರ್ಲಿನ್ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದೆ. ಉಷ್ಣತೆ ನೋಡಲು ಇನ್‌ಫ್ರಾರೆಡ್ ಗನ್ ಇತ್ತು. ಆದರೆ ಹೊಳೆಯುವ ಶೀಟಿಗೆ ನೇರವಾಗಿ ಹಿಡಿದರೆ ಅದು ತೀರಾ ಕಮ್ಮಿ ತೋರಿಸುತ್ತದೆ. ಕರಿ ಇನ್ಸುಲೇಷನ್ ಟೇಪ್ ಅಂಟಿಸಿ ಅದರ ಮೇಲೆ ಹಿಡಿಯಬೇಕು. ಬೆಳಗ್ಗೆ 19, ಮಧ್ಯಾಹ್ನ ಒಂದೂವರೆಗೆ 61. ಲೆಕ್ಕದ ಪ್ರಕಾರ 18 ಮಿ.ಮೀ. ಸರಿಯಬೇಕು. ಗೆರೆಯಿಂದ ಶೀಟು ಸರಿದದ್ದು 13.

ಒಂದು ಕ್ಷಣ ನನಗೇ ಗಾಬರಿ ಆಯ್ತು, ಎಲ್ಲೋ ಇನ್ನೂ ಸಿಕ್ಕಿಕೊಂಡಿದೆಯೇನೋ ಅಂತ. ಆಮೇಲೆ ಕೆಳಗಿನ ಫ್ರೇಮಿಗೂ ಟೇಪ್ ಅಂಟಿಸಿ ನೋಡಿದೆ. ಅದೂ ಬೆಳಗಿಗಿಂತ 11 ಡಿಗ್ರಿ ಬಿಸಿಯಾಗಿತ್ತು. ಅದೂ ಉಕ್ಕೇ ಅಲ್ವಾ, ಅದೂ ಸುಮಾರು 5 ಮಿ.ಮೀ. ಹಿಗ್ಗಿತ್ತು. 18ರಲ್ಲಿ 5 ಕಳೆದರೆ 13. ಕ್ಲಿಪ್ಪು, ಸ್ಕ್ರೂ ಇವೆಲ್ಲ ತಡೆದುಕೊಳ್ಳಬೇಕಾದ್ದು ಈ ವ್ಯತ್ಯಾಸವನ್ನು. ಸೂಪರ್‌ವೈಸರ್ ಬಗ್ಗಿ ಗೆರೆಯನ್ನೂ ಶೀಟಿನ ತುದಿಯನ್ನೂ ಬೆರಳಲ್ಲಿ ಮುಟ್ಟಿ ನೋಡಿದರು. ಆಮೇಲೆ ಮೇಲೆ ಹತ್ತುವ ಪ್ರತಿಯೊಬ್ಬರನ್ನೂ ಅವರೇ ನಿಲ್ಲಿಸಿ ಕೇಳುವ ಹಾಗಾಯಿತು.

ರಿಪೇರಿಯಲ್ಲಿ ಒಂದು ಕಷ್ಟ ಇದೆ. ಮಧ್ಯದ ಒಂದು ಶೀಟನ್ನು ಸುಲಭಕ್ಕೆ ಬದಲಾಯಿಸಲು ಆಗುವುದಿಲ್ಲ, ಎರಡೂ ಕಡೆ ಸೀಮ್ ಪೂರ್ತಿ ಮಡಚಿರುತ್ತದೆ. ಹಾಗಾಗಿ ಅದೇ ಬಗೆಯ ಶೀಟಿನಿಂದ ಅಂಗೈಗಿಂತ ದೊಡ್ಡ ತುಂಡುಗಳನ್ನು ಕತ್ತರಿಸಿ, ಕೆಳಗೆ ಸುತ್ತ ಬ್ಯೂಟೈಲ್ ಟೇಪ್ ಹಾಕಿ, ಸೀಳುಗಳ ಮೇಲೆ ಕೂರಿಸಿ ರಿವೆಟ್ ಹೊಡೆದೆವು. ರಿವೆಟ್ ಶೀಟಿಗೆ ಮಾತ್ರ, ಪರ್ಲಿನ್ ಮುಟ್ಟಬಾರದು. ತೇಪೆ ಶೀಟಿನ ಜೊತೆಗೇ ಓಡಾಡಬೇಕು. ತುಂಡುಗಳನ್ನು ಕತ್ತರಿಯಿಂದ ಕತ್ತರಿಸಿದ್ದು, ಗ್ರೈಂಡರ್‌ನಿಂದ ಅಲ್ಲ. ಗ್ರೈಂಡರ್ ಕಿಡಿ ಬಿದ್ದ ಕಡೆಯೆಲ್ಲ ಲೇಪನ ಸುಟ್ಟು ತುಕ್ಕಿನ ಚುಕ್ಕೆ ಏಳುತ್ತದೆ. ಪೈಪ್ ಸಪೋರ್ಟನ್ನು ಸೀಮ್ ಕ್ಲ್ಯಾಂಪಿಗೆ ಬದಲಾಯಿಸಿದೆವು. ಅದು ಎದ್ದಿರುವ ಸೀಮನ್ನು ಎರಡೂ ಬದಿಯಿಂದ ಒತ್ತಿ ಹಿಡಿಯುತ್ತದೆ, ತೂತು ಬೇಡ. ಪೈಪೂ ಶೀಟಿನ ಜೊತೆ ಸರಿಯುತ್ತದೆ, ಅದಕ್ಕೇ ಪೈಪ್ ಗೋಡೆಯಿಂದ ಹತ್ತುವ ಕಡೆ ಒಂದು ಫ್ಲೆಕ್ಸಿಬಲ್ ತುಂಡು ಸೇರಿಸಿದೆವು.

ಸೋಲಾರ್ ಹಾಕಿಸುವವರೂ ಇದನ್ನು ಗಮನಿಸಬೇಕು. ಕ್ಲ್ಯಾಂಪ್ ಸರಿಯಾಗಿಯೇ ಹಾಕುತ್ತಾರೆ, ಆದರೆ ಇಳಿಜಾರಿನ ಉದ್ದಕ್ಕೂ ಒಂದೇ ಅಲ್ಯೂಮಿನಿಯಂ ರೈಲ್ ಬಿಡುತ್ತಾರೆ. ಅಲ್ಯೂಮಿನಿಯಂ ಉಕ್ಕಿಗಿಂತ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುತ್ತದೆ. ರೈಲನ್ನು ಚಿಕ್ಕ ಚಿಕ್ಕ ತುಂಡು ಮಾಡಿ ನಡುವೆ ಸಂದು ಬಿಡಿಸಿ.

ಎಷ್ಟು ವರ್ಷ ಬಾಳುತ್ತೆ ಅಂತ ಎಲ್ಲರೂ ಕೇಳುತ್ತಾರೆ. ನಾವು ಹಾಕಿದ್ದು ಉಕ್ಕಿನ ಮೇಲೆ ಅಲ್ಯೂಮಿನಿಯಂ ಮತ್ತು ಸತುವಿನ ಲೇಪನ ಇರುವ ಶೀಟು, ಎರಡೂ ಬದಿ ಸೇರಿ ಚದರ ಮೀಟರಿಗೆ 150 ಗ್ರಾಂ. ಇದೇ ಬಗೆಯ, ಬಣ್ಣ ಹಚ್ಚದ ಶೀಟಿನ ಹಳೆಯ ರೂಫ್‌ಗಳನ್ನು ಅಮೆರಿಕದಲ್ಲಿ 14 ಕಡೆ ಪರೀಕ್ಷಿಸಿ 2014ರಲ್ಲಿ ಒಂದು ವರದಿ ಬಂತು. ಸರಿಯಾಗಿ ಹಾಕಿದ್ದರೆ ಹೆಚ್ಚಿನ ಹವಾಮಾನಗಳಲ್ಲಿ 60 ವರ್ಷದವರೆಗೂ ನಿಲ್ಲಬಹುದು ಅಂದಿತು. ಆ ಸಂಖ್ಯೆಯನ್ನು ನಾನು ಗಿರಾಕಿಗೆ ಹಾಗೆಯೇ ಹೇಳುವುದಿಲ್ಲ. ದಾಬಸ್‌ಪೇಟೆಯಂಥ ಒಳನಾಡಿನಲ್ಲಿ 40 ವರ್ಷ ಅಂತ ಧೈರ್ಯವಾಗಿ ಹೇಳುತ್ತೇನೆ. ಮಂಗಳೂರು, ಕಾರವಾರದ ಕಡಲ ಅಂಚಿನಲ್ಲಿ ಈ ಶೀಟೇ ಬೇಡ, ಉಪ್ಪುಗಾಳಿ ಕತ್ತರಿಸಿದ ಅಂಚಿನಿಂದ ತಿನ್ನುತ್ತಾ ಬರುತ್ತದೆ. ಅಲ್ಲಿ ಅಲ್ಯೂಮಿನಿಯಂ ಶೀಟ್ ಹಾಕಿ, ಆದರೆ ಕ್ಲಿಪ್ಪಿನ ಲೆಕ್ಕ ಹೊಸದಾಗಿ ಮಾಡಿ. ಅದೇ 36 ಮೀಟರಿಗೆ 51 ಡಿಗ್ರಿಯಲ್ಲಿ 22ರ ಬದಲು ಸುಮಾರು 43 ಮಿ.ಮೀ. ಆಗುತ್ತದೆ. ನಮ್ಮ ಕ್ಲಿಪ್ಪಿನ 25 ಮಿ.ಮೀ. ಅಲ್ಲಿ ಸಾಕಾಗುವುದಿಲ್ಲ.

ಶೀಟಿಗಿಂತ ಮೊದಲು ಹೋಗುವುದು ಅದರ ಸುತ್ತಲಿನ ಸಣ್ಣಪುಟ್ಟ ವಸ್ತುಗಳು. ಪೈಪ್ ಹೊರಬರುವಲ್ಲಿ ಹಾಕುವ ರಬ್ಬರ್ ಬೂಟು ಬಿಸಿಲಿಗೆ ಹತ್ತು-ಹದಿನೈದು ವರ್ಷದಲ್ಲಿ ಬಿರುಕು ಬಿಡುತ್ತದೆ, ಅದನ್ನು ಬದಲಾಯಿಸುವುದು ಖರ್ಚಿನ ಲೆಕ್ಕದಲ್ಲೇ ಇರಲಿ. ಎಸಿ ಪೈಪಿನ ತಾಮ್ರದ ಮೇಲಿಂದ ಹನಿಯುವ ನೀರು ಶೀಟಿನ ಮೇಲೆ ಬೀಳುವ ಕಡೆ ಕೆಲವೇ ವರ್ಷದಲ್ಲಿ ಲೇಪನ ಹೋಗುತ್ತದೆ. ಹಸಿ ಸಿಮೆಂಟ್ ಗಾರೆ ಬಿದ್ದರೆ ಆಗಲೇ ತೊಳೆಯಿರಿ.

ಆ ಗೋದಾಮಿಗೆ ಈಗಲೂ ಪ್ರತಿ ವರ್ಷ ಮೇ ತಿಂಗಳಲ್ಲಿ ಹೋಗುತ್ತೇನೆ. ಮೊದಲು ಬೆಳಗ್ಗೆ ಒಂಬತ್ತರ ಹೊತ್ತಿಗೆ ಕೆಳಗೆ ನಿಂತು ಸದ್ದು ಕೇಳುತ್ತೇನೆ. ಶೀಟು ಬಿಸಿಯಾಗುವಾಗ ಸಣ್ಣಗೆ ಟಿಕ್ ಟಿಕ್ ಅಂದರೆ ಸರಿ. ಎಲ್ಲಾದರೂ ಒಂದೇ ಜಾಗದಿಂದ ಢಬ್ ಅಂತ ದೊಡ್ಡ ಸದ್ದು ಬಂದರೆ ಅಲ್ಲಿ ಶೀಟು ಸಿಕ್ಕಿಕೊಂಡು, ಬಿಗಿದು, ಒಮ್ಮೆಗೇ ಬಿಡಿಸಿಕೊಂಡಿದೆ ಅಂತ ಅರ್ಥ. ಆಮೇಲೆ ಮೇಲೆ ಹತ್ತಿ ಹೊಸ ಸ್ಕ್ರೂ ತಲೆ ಹುಡುಕುತ್ತೇನೆ. ಹೋದ ಸಲ ಸಿಡಿಲು ತಡೆಯುವ ಪಟ್ಟಿಗೆ ಹಾಕಿದ ಎರಡು ಸಿಕ್ಕವು, ಶೀಟಿನಿಂದ ಪರ್ಲಿನ್‌ಗೆ. ಅವತ್ತೇ ಬಿಚ್ಚಿ, ತೇಪೆ ಹಾಕಿ, ಪಟ್ಟಿಯನ್ನು ಕ್ಲ್ಯಾಂಪಿಗೆ ಕೂರಿಸಿ ಬಂದೆ.